ನೆರಿಗೆ ಮೊದಲು, ಅಳತೆ ಆಮೇಲೆ: ಒಂದೇ ರಾತ್ರಿಯಲ್ಲಿ 36 ಸ್ಕರ್ಟು

ಶಾಲೆ ತೆರೆಯುವ ಹಿಂದಿನ ಸಂಜೆ ಏಳು ಗಂಟೆಗೆ ನನ್ನ ಕತ್ತರಿ ಮೇಜಿನ ಮೇಲೆ ಒಂದೂ ಸ್ಕರ್ಟು ಇರಲಿಲ್ಲ. ಕಡುನೀಲಿ ಬಟ್ಟೆಯ ಒಂದು ಥಾನು ಮತ್ತು 36 ಮಕ್ಕಳ ಅಳತೆ ಬರೆದ ಪುಸ್ತಕ ಮಾತ್ರ ಇದ್ದವು. ಷರ್ಟುಗಳನ್ನು ವಾರದ ಹಿಂದೆಯೇ ಮುಗಿಸಿ ಕಟ್ಟಿಟ್ಟಿದ್ದೆ. ಸ್ಕರ್ಟಿನ ಬಟ್ಟೆ ಮಾತ್ರ ಹತ್ತು ದಿನ ತಡವಾಗಿ, ಅದೂ ಆ ಮಧ್ಯಾಹ್ನವಷ್ಟೇ ಬಂದಿತ್ತು. ನಾನು ಕೆಲಸ ಕಲಿತ ಕಟಿಂಗ್ ಮಾಸ್ಟರು ದಾರಿಯಲ್ಲಿ ಹೋಗುತ್ತಿದ್ದವರು ಒಳಗೆ ಬಂದು, ಥಾನನ್ನೂ ಪುಸ್ತಕವನ್ನೂ ಒಂದು ಸಲ ನೋಡಿ, "ಹದಿನೈದಾದರೆ ನಿನ್ನ ಪುಣ್ಯ ಕಣೋ, ಉಳಿದವರಿಗೆ ಈಗಲೇ ಹೇಳಿ ಕಳುಹಿಸಿಬಿಡು" ಎಂದರು. ಅವರ ಲೆಕ್ಕ ತಪ್ಪಾಗಿರಲಿಲ್ಲ. ಬಾಕ್ಸ್ ಪ್ಲೀಟಿನ ಒಂದು ಸ್ಕರ್ಟನ್ನು ಮೊದಲಿನಿಂದ ಕೊನೆಯವರೆಗೆ ಒಂದೊಂದಾಗಿ ಹೊಲಿದರೆ ನನ್ನ ಕೈಗೆ ಒಂದೂಕಾಲು ಗಂಟೆ ಬೇಕು. ಎರಡು ಮೆಷಿನ್ ಇಟ್ಟುಕೊಂಡು ರಾತ್ರಿಯಿಡೀ ಕುಳಿತರೂ ಹದಿನೆಂಟು ದಾಟುವುದು ಕಷ್ಟ.

ನಾನು ಒಂದೊಂದಾಗಿ ಹೊಲಿಯುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಎರಡು ವರ್ಷದಿಂದ ನಾನು ಪ್ರಯತ್ನಿಸುತ್ತಿದ್ದ ದಾರಿಯನ್ನು ಅವರು "ಬುಡದಿಂದ ಮರ ಹತ್ತುವುದು ಬಿಟ್ಟು ತುದಿಯಿಂದ ಇಳಿಯುವ ವಿದ್ಯೆ" ಎಂದು ಎಲ್ಲರ ಮುಂದೆ ನಗೆಯಾಡುತ್ತಿದ್ದರು. ಬಟ್ಟೆಯ ಅಗಲದ ತುಂಡುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ ಉದ್ದನೆಯ ಒಂದೇ ಪಟ್ಟಿ ಮಾಡುವುದು, ಮಗು ಯಾರೆಂದು ನೋಡದೆ ಮೊದಲು ಕೆಳಮಡಿಕೆಯನ್ನು ಹೊಲಿದುಬಿಡುವುದು, ಆಮೇಲೆ ಪಟ್ಟಿಯುದ್ದಕ್ಕೂ ನೆರಿಗೆ ಕೂರಿಸಿ ಇಸ್ತ್ರಿ ಹಾಕುವುದು, ಕೊನೆಗೆ ಸೊಂಟಕ್ಕೆ ಬೇಕಾದಷ್ಟು ನೆರಿಗೆ ಎಣಿಸಿ ಕತ್ತರಿಸಿ, ಉದ್ದದಲ್ಲಿ ಹೆಚ್ಚಾದದ್ದನ್ನು ಮೇಲ್ಭಾಗದಲ್ಲಿ ತೆಗೆಯುವುದು: ವಿಧಾನವೆಂದರೆ ಇಷ್ಟೇ. ನಾವು ಕಲಿತ ಕ್ರಮದಲ್ಲಿ ಕೆಳಮಡಿಕೆ ಕೊನೆಯ ಕೆಲಸ, ಇಲ್ಲಿ ಅದು ಮೊದಲನೆಯದು. ಮಾಸ್ಟರಿಗೆ ಒಪ್ಪಿಗೆಯಾಗದಿದ್ದದ್ದು ಅದೇ. "ಒಂದು ತಪ್ಪಾದರೆ ಒಂದು ಸ್ಕರ್ಟು ಕೆಡುತ್ತದೆ ನಮ್ಮಲ್ಲಿ, ನಿನ್ನಲ್ಲಿ ಥಾನೇ ಕೆಡುತ್ತದೆ" ಎಂದು ಅವರು ಹೇಳುತ್ತಿದ್ದ ಮಾತಿಗೆ ಎರಡು ವರ್ಷ ನನ್ನ ಬಳಿ ಉತ್ತರವಿರಲಿಲ್ಲ, ಏಕೆಂದರೆ ಎರಡು ವರ್ಷವೂ ಥಾನೇ ಕೆಟ್ಟಿತ್ತು.

ಮೊದಲನೆಯ ವರ್ಷದ ಸೋಲನ್ನು ಬಿಡಿಸಿ ಹೇಳಬೇಕು, ಇಡೀ ವಿಧಾನ ನಿಂತಿರುವುದೇ ಅದರ ಮೇಲೆ. ನನ್ನ ನೆರಿಗೆಯ ಮುಖ 2 ಇಂಚು, ಹಿಂದೆ ಅಡಗುವ ಬಟ್ಟೆ 4 ಇಂಚು. ಒಂದು ನೆರಿಗೆಗೆ ಒಟ್ಟು 6 ಇಂಚು ಬಟ್ಟೆ. 24 ಇಂಚಿನ ಸೊಂಟಕ್ಕೆ 12 ನೆರಿಗೆ, ಅಂದರೆ 72 ಇಂಚು. ಬಟ್ಟೆಯ ಅಗಲ 58 ಇಂಚು. ಒಂದು ತುಂಡು ಸಾಲದು, ಎರಡು ತುಂಡು ಹೆಚ್ಚು. ಹಳೆಯ ಕ್ರಮದಲ್ಲಿ ಪ್ರತಿ ಮಗುವಿಗೂ ಎರಡು ಅಗಲ ತೆಗೆದು, ಉಳಿದದ್ದನ್ನು ಜೇಬಿಗೋ ಪಟ್ಟಿಗೋ ಎಂದು ಮೂಲೆಗೆ ಎಸೆಯುತ್ತಿದ್ದೆವು. ಪಟ್ಟಿ ಮಾಡಿಕೊಂಡರೆ ಒಬ್ಬಳ ಉಳಿಕೆಯೇ ಇನ್ನೊಬ್ಬಳ ಆರಂಭವಾಗುತ್ತದೆ. ಆದರೆ ತುಂಡುಗಳ ಜೋಡು ಯಾವಾಗಲೂ ನೆರಿಗೆಯ ಹಿಂದಿನ ಒಳಮಡಿಕೆಯ ಮೇಲೆಯೇ ಬೀಳಬೇಕು, ಮುಖದ ಮೇಲೆ ಬೀಳಕೂಡದು. ಆ ವರ್ಷ ನಾನು ಪ್ರತಿ ಸ್ಕರ್ಟಿನ ಕೊನೆಯಲ್ಲಿ ಪಕ್ಕದ ಹೊಲಿಗೆಗೆಂದು ಅರ್ಧರ್ಧ ಇಂಚು, ಒಟ್ಟು 1 ಇಂಚು ಬಟ್ಟೆಯನ್ನು ಬೇರೆಯಾಗಿ ಬಿಟ್ಟುಕೊಂಡು ಗುರುತು ಹಾಕಿದೆ. ಒಂದು ಸ್ಕರ್ಟಿಗೆ 72ರ ಬದಲು 73 ಆಯಿತು. ಮೊದಲನೆಯದರಲ್ಲಿ ಜೋಡು ಒಳಮಡಿಕೆಯಲ್ಲಿತ್ತು. ಎರಡನೆಯದರಲ್ಲಿ ಒಂದು ಇಂಚು ಸರಿದು ನೆರಿಗೆಯ ಅಂಚಿಗೆ ಬಂತು. ಮೂರನೆಯದರಲ್ಲಿ ಮುಖದ ನಟ್ಟನಡುವೆ, ಹಣೆಯ ಮೇಲಿನ ಗಾಯದ ಗುರುತಿನಂತೆ ಎದ್ದು ಕಾಣುತ್ತಿತ್ತು. ಇಸ್ತ್ರಿ ಮುಗಿಯುವವರೆಗೂ ನಾನು ನೋಡಿರಲಿಲ್ಲ. ಏಳು ಸ್ಕರ್ಟುಗಳ ಬಟ್ಟೆ ಹೋಯಿತು.

ಪರಿಹಾರ ಹೊಳೆದದ್ದು ತಿಂಗಳುಗಳ ನಂತರ, ಬೇರೇನೋ ಕೆಲಸ ಮಾಡುತ್ತಿದ್ದಾಗ. ಆ ಒಂದು ಇಂಚನ್ನು ಹೊರಗಿನಿಂದ ಕೊಡುವ ಅಗತ್ಯವೇ ಇಲ್ಲ, ಅಡಗಿರುವ 4 ಇಂಚಿನಿಂದಲೇ ಕದಿಯಬಹುದು. ಆರಾರು ಇಂಚಿಗೆ ಹಾಕಿದ ಗುರುತನ್ನು ಕದಲಿಸದೆ ಒಳಮಡಿಕೆಯ ಮೇಲೆಯೇ ಕತ್ತರಿಸಿ, ಹೊಲಿಗೆಗೆ ಬೇಕಾದ ಅರ್ಧರ್ಧ ಇಂಚನ್ನು ಒಳಗಿನಿಂದ ತೆಗೆದುಕೊಂಡರೆ, ಜಿಪ್ ಕೂರುವ ಜಾಗದ ನೆರಿಗೆಯ ಹಿಂಬದಿ 4ರ ಬದಲು 3 ಇಂಚು ಇರುತ್ತದೆ. ಹೊರಗೆ ಮುಖ 2 ಇಂಚಾಗಿಯೇ ಇರುತ್ತದೆ, ಸೊಂಟದ ಅಳತೆ ಬದಲಾಗುವುದಿಲ್ಲ, ಜಿಪ್ಪಿನ ಬಳಿ ಬಟ್ಟೆ ದಪ್ಪಗಾಗುವುದೂ ತಪ್ಪುತ್ತದೆ. ಗುರುತು ಒಮ್ಮೆ ಕೂತರೆ ಪಟ್ಟಿಯ ಕೊನೆಯವರೆಗೂ ಸರಿಯುವುದಿಲ್ಲ.

ಎರಡನೆಯ ವರ್ಷ ಜೋಡು ಸರಿಯಾಗಿ ಬಿತ್ತು, ನೆರಿಗೆ ನಿಲ್ಲಲಿಲ್ಲ. ಅವಸರದಲ್ಲಿ ಇಸ್ತ್ರಿ ಎತ್ತಿದ ಕೂಡಲೇ ಪಟ್ಟಿಯನ್ನು ಮೇಜಿನಿಂದ ಎಳೆದುಕೊಳ್ಳುತ್ತಿದ್ದೆವು. ಪಾಲಿಯೆಸ್ಟರ್ ಬೆರೆತ ಬಟ್ಟೆ ಬಿಸಿಯಲ್ಲಿ ಮಡಿಕೆಯನ್ನು ಒಪ್ಪಿಕೊಳ್ಳುವುದು ನಿಜ, ಆದರೆ ಅದನ್ನು ಹಿಡಿದಿಟ್ಟುಕೊಳ್ಳುವುದು ತಣಿದಾಗ. ಬಿಸಿಯಿರುವಾಗಲೇ ಅಲ್ಲಾಡಿಸಿದರೆ ಅದು ನೇರವಾಗಿರುವುದನ್ನೇ ಕಲಿಯುತ್ತದೆ. ಬೆಳಿಗ್ಗೆ ಹ್ಯಾಂಗರಿನಲ್ಲಿ ಅಚ್ಚುಕಟ್ಟಾಗಿದ್ದ ಸ್ಕರ್ಟುಗಳು ಮಧ್ಯಾಹ್ನದ ಹೊತ್ತಿಗೆ ಕೊಡೆಯಂತೆ ಅರಳಿದ್ದವು. ಆ ವರ್ಷ ಸಮಯ ಮೀರಿದ್ದರಿಂದ ಇಪ್ಪತ್ತು ಸ್ಕರ್ಟುಗಳನ್ನು ಹೊರಗಿನವರ ಕೈಯಲ್ಲಿ ಹೊಲಿಸಬೇಕಾಯಿತು. ಒಂದು ಸ್ಕರ್ಟಿಗೆ ನಾನು ಪಡೆಯುವ ಕೂಲಿ ಹತ್ತು ಎಂದಿಟ್ಟುಕೊಂಡರೆ, ಆ ರಾತ್ರಿ ಅವರು ಕೇಳಿದ್ದು ಹದಿನೈದು. ಇಪ್ಪತ್ತಕ್ಕೆ ನೂರು ಕೈಯಿಂದ ಹೋಯಿತು, ಅಂದರೆ ಹತ್ತು ಸ್ಕರ್ಟುಗಳನ್ನು ನಾನು ಪುಕ್ಕಟೆ ಹೊಲಿದುಕೊಟ್ಟ ಹಾಗೆ. ನೆರಿಗೆ ಅರಳಿದ ಮಕ್ಕಳ ತಾಯಂದಿರಿಗೆ ಅರ್ಧ ಕೂಲಿ ಬಿಟ್ಟದ್ದು ಬೇರೆ. ನನ್ನ ಹೆಂಡತಿ ಆ ಲೆಕ್ಕವನ್ನು ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದಾಳೆ, ಅಳಿಸಲು ಬಿಡುವುದಿಲ್ಲ.

ಮತ್ತೆ ಆ ರಾತ್ರಿಗೆ ಬರುತ್ತೇನೆ. ಮಾಸ್ಟರು ಹೋದ ಮೇಲೆ ನಾನು, ನನ್ನ ಹೆಂಡತಿ, ಅಕ್ಕನ ಮಗ ಮೂವರೇ. ಅವನು ಮೆಷಿನ್ ಮೇಲೆ ಇನ್ನೂ ಕೈ ಕೂರಿಸಿಕೊಂಡಿಲ್ಲ, ಇಸ್ತ್ರಿ ಚೆನ್ನಾಗಿ ಮಾಡುತ್ತಾನೆ. ಮೊದಲು ಪುಸ್ತಕ ಬಿಚ್ಚಿ ಸೊಂಟವನ್ನು ಮೂರು ಗುಂಪು ಮಾಡಿದೆ: 22 ಇಂಚಿನವು ಹತ್ತು, 24ರವು ಹದಿನಾರು, 26ರವು ಹತ್ತು. 23 ಇರುವ ಮಗುವನ್ನು 24ಕ್ಕೆ ಸೇರಿಸಿ, ಪಟ್ಟಿಯ ಎರಡೂ ಬದಿಯಲ್ಲಿ ತುಸು ಎಲಾಸ್ಟಿಕ್ ಕೊಟ್ಟು ಆ ಒಂದು ಇಂಚನ್ನು ಎಳೆದುಕೊಳ್ಳುತ್ತೇನೆ. ವರ್ಷದ ನಡುವೆ ಮಗು ಬೆಳೆದಾಗ ತಾಯಂದಿರು ಅದಕ್ಕಾಗಿ ನನ್ನನ್ನು ನೆನೆಯುತ್ತಾರೆ. ನೆರಿಗೆಯ ಲೆಕ್ಕದಲ್ಲಿ ಗುಂಪುಗಳಿಗೆ ಕ್ರಮವಾಗಿ 110, 192, 130 ಬೇಕು. ಒಂದು ಅಗಲದ ತುಂಡಿಗೆ 9 ನೆರಿಗೆ. ಹಾಗಾಗಿ 13, 22, 15, ಒಟ್ಟು 50 ತುಂಡು. ಸಿದ್ಧ ಉದ್ದ 16, 18, 20 ಇಂಚು. ಕೆಳಮಡಿಕೆ, ಮೇಲಿನ ಹೊಲಿಗೆ, ಮತ್ತು ತಲೆಯ ಮೇಲೆ ಒಂದು ಇಂಚು ದಯೆ, ಎಲ್ಲ ಸೇರಿ ಪ್ರತಿಯೊಂದಕ್ಕೂ ನಾಲ್ಕೂವರೆ ಇಂಚು ಹೆಚ್ಚು. ಬಟ್ಟೆ ಸುಮಾರು 29 ಮೀಟರ್ ಹಿಡಿಯಿತು. ಎರಡೆರಡು ಅಗಲದ ಹಳೆಯ ಲೆಕ್ಕದಲ್ಲಿ 41 ಹಿಡಿಯುತ್ತಿತ್ತು.

9 ನೆರಿಗೆಗೆ 54 ಇಂಚು, ಜೋಡಿಗೆ 1 ಇಂಚು, ಒಟ್ಟು 55 ಆಯಿತು. 58ರಲ್ಲಿ 3 ಇಂಚು ಉಳಿಯುತ್ತದಲ್ಲವೇ? ಅದನ್ನು ಅಡ್ಡ ತುಂಡು ಮಾಡುವ ಮೊದಲೇ ಥಾನಿನ ಉದ್ದಕ್ಕೂ ಸೀಳಿ ತೆಗೆದುಬಿಡಬೇಕು. ಅದೇ ಸೊಂಟದ ಪಟ್ಟಿ. ಉದ್ದದ ಎಳೆಯ ಮೇಲೆ ಬರುವುದರಿಂದ ಅದು ಹಿಗ್ಗುವುದಿಲ್ಲ, ಒಂದು ಬದಿಗೆ ಥಾನಿನ ಅಂಚೇ ಇರುವುದರಿಂದ ಒಳಬದಿಗೆ ಓವರ್‌ಲಾಕ್ ಬೇಕಿಲ್ಲ. ಮೊದಲು ಅಡ್ಡ ಕತ್ತರಿಸಿದಿರೋ, ಕೈಗೆ ಸಿಗುವುದು ಗೇಣುದ್ದದ ಚೂರುಗಳು. ಒಂದು ಸಲ ಹಾಗೆಯೂ ಮಾಡಿಕೊಂಡಿದ್ದೇನೆ, ಆ ಕಥೆ ಬೇಡ.

ಎಂಟೂವರೆಗೆ ತುಂಡುಗಳು ಸಿದ್ಧವಾಗಿದ್ದವು. ಹೆಂಡತಿ ಜೋಡು ಹಾಕುತ್ತ ಹೋದಳು, ನಾನು ಓವರ್‌ಲಾಕ್ ಮಾಡಿ ಹಿಂದೆಯೇ ಕೆಳಮಡಿಕೆ ಹೊಲಿಯುತ್ತ ಬಂದೆ. ಈ ಕೆಳಮಡಿಕೆಯ ಸುಖವನ್ನು ಒಂದು ಸಲವಾದರೂ ಅನುಭವಿಸಿ ನೋಡಬೇಕು. ನೆರಿಗೆ ಕೂತ ಸ್ಕರ್ಟಿನ ಸುತ್ತ, ಮಡಿಕೆಗಳ ಬೆಟ್ಟ ಹತ್ತಿಳಿಯುತ್ತ, ಸೂಜಿ ಮುರಿದುಕೊಂಡು ಹೊಲಿಯುವುದಕ್ಕೂ, ಚಪ್ಪಟೆಯಾದ ಬಟ್ಟೆಯ ಮೇಲೆ ನೆಟ್ಟಗೆ ಕಾಲೊತ್ತಿ ಹಿಡಿದು ಬಾಬಿನ್ ಖಾಲಿಯಾಗುವವರೆಗೆ ಹೋಗುವುದಕ್ಕೂ ಹೋಲಿಕೆಯೇ ಇಲ್ಲ. ಸುಮಾರು 65 ಮೀಟರ್ ಕೆಳಮಡಿಕೆಯನ್ನು ಒಂದೂಕಾಲು ಗಂಟೆಯಲ್ಲಿ ಮುಗಿಸಿದೆ. ಕತ್ತರಿ ಬೀಳುವ ಪ್ರತಿ ಗುರುತಿನ ಎರಡೂ ಬದಿಗೆ ಎರಡೆರಡು ಇಂಚು ಹೊಲಿಯದೆ ಬಿಟ್ಟಿರಬೇಕು. ಇಲ್ಲದಿದ್ದರೆ ಕೊನೆಯ ಪಕ್ಕದ ಹೊಲಿಗೆ ಮಡಿಕೆಯ ಮೇಲೆಯೇ ಹಾಯ್ದು ಕೆಳಗೆ ಗಂಟು ಕಟ್ಟಿದಂತಾಗುತ್ತದೆ.

ಗುರುತಿಗೆ ನಾನು ಟೇಪು ಹಿಡಿಯುವುದಿಲ್ಲ. ದಪ್ಪ ರಟ್ಟಿನಲ್ಲಿ 54 ಇಂಚು ಉದ್ದದ ಒಂದು ಹಣಿಗೆ ಮಾಡಿಕೊಂಡಿದ್ದೇನೆ, ಮುಖಕ್ಕೆ ಅಗಲ ಹಲ್ಲು, ಮಡಿಕೆಗೆ ಕಿರಿದಾದ ಹಲ್ಲು. ತುಂಡಿನ ಎರಡು ಜೋಡುಗಳ ನಡುವೆ ಅದನ್ನು ಇಟ್ಟರೆ ಮೇಲಂಚಿಗೆ ಸಣ್ಣ ಕಚ್ಚು, ಕೆಳಗೆ ಒಳಬದಿಯಲ್ಲಿ ಚಾಕಿನ ಗೀರು. ಟೇಪಿನಲ್ಲಿ ಪ್ರತಿ ನೆರಿಗೆಗೆ ಒಂದು ಇಂಚಿನ ಹದಿನಾರನೇ ಒಂದು ಭಾಗ ತಪ್ಪಿದರೂ ಹನ್ನೆರಡು ನೆರಿಗೆಗೆ ಮುಕ್ಕಾಲು ಇಂಚು ತಪ್ಪುತ್ತದೆ; ಹಣಿಗೆಯಲ್ಲಿ ತಪ್ಪು ಕೂಡಿಕೊಳ್ಳುತ್ತ ಹೋಗುವುದಿಲ್ಲ, ಪ್ರತಿ ಜೋಡಿನಲ್ಲಿ ಹೊಸದಾಗಿ ಆರಂಭ. ಆದರೂ ಬಟ್ಟೆಯ ದಪ್ಪವೇ ಪ್ರತಿ ಮಡಿಕೆಯಲ್ಲಿ ಒಂದಿಷ್ಟು ತಿನ್ನುವುದರಿಂದ ಆರು ನೆರಿಗೆ ಕೂರಿಸಿದ ಮೇಲೆ ಒಮ್ಮೆ ಅಳೆದು ನೋಡುತ್ತೇನೆ. 12 ಇಂಚು ಇರಬೇಕಾದಲ್ಲಿ ಹನ್ನೊಂದೂಮುಕ್ಕಾಲು ಬಂದರೆ ಮುಂದಿನ ಆರರಲ್ಲಿ ಮಡಿಕೆಯನ್ನು ಕೂದಲೆಳೆಯಷ್ಟು ಸಡಿಲ ಬಿಡುವುದು. ಪೇಪರ್ ಟೇಪು ಅಂಟಿಸಿ ನೆರಿಗೆ ಹಿಡಿಯುವ ಪ್ರಯೋಗವನ್ನೂ ನಡುವೆ ಮಾಡಿದ್ದೆ. ಕೆಲಸ ಬೇಗ ಆಗುತ್ತದೆ, ಆದರೆ ಹೊಲಿಗೆ ಅದರ ಮೇಲೆ ಹೋದಾಗ ಅಂಟು ಸೂಜಿಗೆ ಹತ್ತಿ ಹೊಲಿಗೆ ತಪ್ಪುತ್ತದೆ, ದಾರ ಕಡಿಯುತ್ತದೆ. ಗುಂಡುಸೂಜಿಯೇ ವಾಸಿ. ಚೌಕಳಿ ಬಟ್ಟೆಯ ಮೇಲೂ ಇದೇ ಹಣಿಗೆ ಇಟ್ಟು ನೋಡಿದೆ. ಚೌಕ ಮರುಕಳಿಸುವ ಅಳತೆ ಐದೂವರೆ ಇಂಚು, ನನ್ನ ಹಣಿಗೆ ಆರರದ್ದು. ಹತ್ತನೆಯ ನೆರಿಗೆಯ ಹೊತ್ತಿಗೆ ಗೆರೆಗಳು ಒಂದೊಂದು ದಿಕ್ಕಿಗೆ ಹೋಗಿದ್ದವು. ಚೌಕಳಿಗೆ ಬಟ್ಟೆಯ ಗೆರೆಯೇ ಹಣಿಗೆಯಾಗಬೇಕು, ಆ ದಾರಿ ಇನ್ನೂ ನನ್ನ ಕೈಗೆ ಪೂರ್ತಿ ಬಂದಿಲ್ಲ.

ಹತ್ತೂವರೆಯಿಂದ ನೆರಿಗೆ. ಹೆಂಡತಿ ಮಡಚಿ ಸೂಜಿ ಚುಚ್ಚುತ್ತಿದ್ದಳು, ನಾನು ತಲೆಯ ಮೇಲೆ ಕಚ್ಚಾ ಹೊಲಿಗೆ ಹಾಕುತ್ತಿದ್ದೆ, ಹುಡುಗ ಇಸ್ತ್ರಿ ಹಿಡಿದಿದ್ದ. ಒದ್ದೆ ಬಟ್ಟೆ ಹಾಸಿ, ಒತ್ತಿ, ಹದಿನೈದು ಎಣಿಸಿ, ಇಸ್ತ್ರಿ ಎತ್ತಿದ ಕೂಡಲೇ ಅದೇ ಜಾಗದಲ್ಲಿ ದಪ್ಪ ಮರದ ಹಲಗೆ ಇಟ್ಟು ತಣಿಯುವವರೆಗೆ ಬಿಡುವುದು. ಎರಡು ಹಲಗೆ ಇದ್ದರೆ ಒಂದು ತಣಿಯುವಾಗ ಇನ್ನೊಂದರ ಕೆಲಸ ನಡೆಯುತ್ತದೆ, ಕಾಯುವುದು ಲೆಕ್ಕಕ್ಕೇ ಬರುವುದಿಲ್ಲ. ಒದ್ದೆ ಬಟ್ಟೆಯಿಲ್ಲದೆ ಕಡುನೀಲಿಯ ಮೇಲೆ ಇಸ್ತ್ರಿ ಇಟ್ಟರೆ ಮಡಿಕೆಯ ಮೇಲೆ ಹೊಳಪು ಬರುತ್ತದೆ, ಅದು ಹೋಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಆ ಒದ್ದೆ ಬಟ್ಟೆಯ ನೀರಿಗೆ ನಾನು ಇನ್ನೊಂದು ಪದಾರ್ಥವನ್ನು ಬೆರೆಸುತ್ತೇನೆ. ಅದು ಏನು, ಎಷ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಏಳು ಸ್ಕರ್ಟುಗಳ ಬಟ್ಟೆ ಕಳೆದುಕೊಂಡವನಿಗೆ ಅಷ್ಟಾದರೂ ಉಳಿಯಲಿ. ನೆರಿಗೆ ಕೂತಿದೆಯೇ ಎಂದು ನೋಡಲು ಮಾತ್ರ ಸುಲಭ ದಾರಿಯಿದೆ: ಪಟ್ಟಿಯ ಒಂದು ಮೂಲೆಗೆ ನೀರು ಚಿಮುಕಿಸಿ, ಕೈಯಿಂದ ಬಿಡಿಸಿ, ಬಿಟ್ಟುಬಿಡಿ. ತಾನಾಗಿ ಮಡಿಕೆಗೆ ಮರಳಿದರೆ ಸರಿ. ಮಧ್ಯದಲ್ಲಿ ನಿಂತರೆ ಇನ್ನೊಂದು ಸಲ ಒತ್ತಬೇಕು.

ಒಂದು ಗಂಟೆಯ ಸುಮಾರಿಗೆ ಕರೆಂಟು ಹೋಯಿತು. ಇಸ್ತ್ರಿ ಪೆಟ್ಟಿಗೆಯ ಕೆಂಪು ದೀಪ ಆರಿದ್ದನ್ನು ನೋಡಿ ನಾನು ಕುಳಿತಲ್ಲೇ ಕುಳಿತೆ. ಹಳೆಯ ಕ್ರಮದಲ್ಲಾಗಿದ್ದರೆ ಅರೆಬರೆಯಾದ ಒಂದು ಸ್ಕರ್ಟು ಮೆಷಿನ್ ಕೆಳಗೆ ಸಿಕ್ಕಿಕೊಂಡಿರುತ್ತಿತ್ತು, ಮಾಡಲು ಬೇರೇನೂ ಇರುತ್ತಿರಲಿಲ್ಲ. ಈ ಕ್ರಮದಲ್ಲಿ ಕೈಕೆಲಸವೆಲ್ಲ ಒಂದು ಕಡೆ ರಾಶಿಯಾಗಿರುತ್ತದೆ. ಬ್ಯಾಟರಿಯನ್ನು ಮೆಷಿನಿನ ತಲೆಗೆ ಕಟ್ಟಿ, ಮೂವರೂ ಸೊಂಟದ ಪಟ್ಟಿಗಳಿಗೆ ಹುಕ್ಕು ಹೊಲಿದೆವು. ಮುಕ್ಕಾಲು ಗಂಟೆಯಲ್ಲಿ ಬೆಳಕು ಬಂದಾಗ 36 ಪಟ್ಟಿಗಳಿಗೂ ಹುಕ್ಕು ಬಿದ್ದಿತ್ತು. ನಷ್ಟವಾಯಿತೆಂದು ಹೇಳಲಾರೆ.

ಮಾಸ್ಟರ ಮಾತು ನಿಜವಾದದ್ದು ಮೂರೂವರೆಗೆ. 24ರ ಗುಂಪಿನ ಪಟ್ಟಿಯನ್ನು ಆಗಷ್ಟೇ ಕತ್ತರಿಸಿ ಹದಿನಾರು ಮಾಡಿ ಒಂದರ ಮೇಲೊಂದು ಇಟ್ಟಿದ್ದೆ. ಹುಡುಗ ಎರಡನೆಯದನ್ನು ಎತ್ತಿ ದೀಪಕ್ಕೆ ಹಿಡಿದು, "ಮಾಮ, ಇದರ ಅರ್ಧ ಯಾಕೋ ಮಂಕಾಗಿದೆಯಲ್ಲ?" ಎಂದ. ನನಗೆ ಕಾಣಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಕಡುನೀಲಿಯ ಛಾಯೆ ಸುಲಭವಾಗಿ ಕಾಣುವುದಿಲ್ಲ. ಸ್ಕರ್ಟನ್ನು ಕಣ್ಣಿಗೆ ಗೇಣು ದೂರಕ್ಕೆ ತಂದು ನೇಯ್ಗೆಯನ್ನು ನೋಡಿದೆ. ಮೊದಲ ಆರು ನೆರಿಗೆಗಳಲ್ಲಿ ಓರೆ ಗೆರೆಗಳು ಕೆಳಗಿನಿಂದ ಬಲಕ್ಕೆ ಏರುತ್ತಿದ್ದವು. ಉಳಿದ ಆರರಲ್ಲಿ ಎಡಕ್ಕೆ ಏರುತ್ತಿದ್ದವು. ಒಂದು ತುಂಡು ಉಲ್ಟಾ ಜೋಡಣೆಯಾಗಿತ್ತು. ತಲೆಕೆಳಗಾಗಿ ಜೋಡಿಸಿದರೆ ಗೆರೆಯ ದಿಕ್ಕು ಬದಲಾಗುವುದಿಲ್ಲ, ಒಳಮುಖ ಹೊರಗೆ ಬಂದಾಗ ಮಾತ್ರ ಬದಲಾಗುತ್ತದೆ. ಆದ್ದರಿಂದ ಅನುಮಾನಕ್ಕೆ ಎಡೆಯಿರಲಿಲ್ಲ. ತುಂಡುಗಳನ್ನು ಎಣಿಸಿದೆ: ಒಂದನೆಯದು 9ನೆಯ ನೆರಿಗೆಯವರೆಗೆ, ಎರಡನೆಯದು 18ರವರೆಗೆ, ಮೂರನೆಯ ತುಂಡು 19ರಿಂದ 27. ಅಂದರೆ ಎರಡನೆಯ ಸ್ಕರ್ಟಿನ ಕೊನೆಯ ಆರು, ಮೂರನೆಯ ಸ್ಕರ್ಟಿನ ಮೊದಲ ಮೂರು. ಮೂರನೆಯದನ್ನು ಎತ್ತಿ ನೋಡಿದರೆ ಸರಿಯಾಗಿ ಮೂರೇ ನೆರಿಗೆಗಳ ಗೆರೆ ಎಡಕ್ಕಿತ್ತು.

ಹೆಂಡತಿ ಜೋಡು ಹಾಕಿದವಳು. ಅವಳು ಏನನ್ನೂ ಹೇಳದೆ ಉಳಿದ ಎಲ್ಲ ಸ್ಕರ್ಟುಗಳ ಗೆರೆಯನ್ನು ಒಂದೊಂದಾಗಿ ನೋಡತೊಡಗಿದಳು. ಬೇರೆ ಯಾವುದೂ ತಪ್ಪಿರಲಿಲ್ಲ. "ಬಟ್ಟೆ ಉಳಿದಿದೆಯೇನ್ರೀ?" ಎಂದಷ್ಟೇ ಕೇಳಿದಳು. ಥಾನಿನಲ್ಲಿ ಬಟ್ಟೆ ಇತ್ತು, ಆದರೆ ಹೊಸ ತುಂಡು ಕತ್ತರಿಸಿ, ಮಡಿಕೆ ಹೊಲಿದು, ಗುರುತು ಹಾಕಿ, ನೆರಿಗೆ ಕೂರಿಸಿ, ಇಸ್ತ್ರಿ ಮಾಡಲು ಗಂಟೆ ಬೇಕು. ಪಟ್ಟಿ, ಜಿಪ್ ಕೂರಿಸುವ ಕೆಲಸ 36ಕ್ಕೂ ಬಾಕಿಯಿತ್ತು.

ಆಗ ಕಣ್ಣಿಗೆ ಬಿದ್ದದ್ದು ಪಟ್ಟಿಗಳ ಬಾಲ. 24ರ ಗುಂಪಿಗೆ 22 ತುಂಡಿನಲ್ಲಿ 198 ನೆರಿಗೆ ಬಂದಿತ್ತು, ಬೇಕಾಗಿದ್ದದ್ದು 192. ಆರು ನೆರಿಗೆಯ ಒಂದು ಬಾಲ, ಮಡಿಕೆ ಹೊಲಿದು ಇಸ್ತ್ರಿಯಾಗಿ, ಮೇಜಿನ ತುದಿಯಲ್ಲಿ ಬಿದ್ದಿತ್ತು. ಅದು ಎರಡನೆಯ ಸ್ಕರ್ಟಿಗೆ ಸರಿಯಾಯಿತು. ಮೂರನೆಯದಕ್ಕೆ ಬೇಕಾದ ಮೂರು ನೆರಿಗೆಗೆ 26ರ ಗುಂಪಿನ ಬಾಲವಿತ್ತು, ಐದು ನೆರಿಗೆಯದು, ಆದರೆ ಎರಡು ಇಂಚು ಎತ್ತರ ಹೆಚ್ಚು. ಕೆಳಮಡಿಕೆಯನ್ನು ಕೊನೆಗೆ ಹೊಲಿಯುವ ಕ್ರಮದಲ್ಲಿ ಇಂಥ ಬಾಲವೇ ಇರುವುದಿಲ್ಲ; ಇಲ್ಲಿ ಕೆಳಗಿನ ಮಡಿಕೆ ಎಲ್ಲದರಲ್ಲಿಯೂ ಒಂದೇ ಅಳತೆಯದ್ದಾದ್ದರಿಂದ ಕೆಳಗೆ ಕೆಳಗನ್ನು ಕೂಡಿಸಿ ಮೇಲೆ ಎರಡು ಇಂಚು ಕತ್ತರಿಸಿದರೆ ಮುಗಿಯಿತು. ನೆರಿಗೆ ಮೇಲಿನಿಂದ ಕೆಳಗಿನವರೆಗೆ ಸಮಾನಾಂತರವಾಗಿರುವುದರಿಂದ ತಲೆ ಕತ್ತರಿಸಿದರೂ ಸೊಂಟದ ಅಳತೆ ಬದಲಾಗುವುದಿಲ್ಲ. ಕೆಟ್ಟ ತುಂಡು ಎರಡೂ ಸ್ಕರ್ಟುಗಳ ತುದಿಯಲ್ಲೇ ಇದ್ದದ್ದು ಅದೃಷ್ಟ. ಜೋಡು ಬಿಚ್ಚಿ, ಹೊಸದನ್ನು ಸೇರಿಸಿ, ಆ ಜಾಗದ ಮಡಿಕೆಯನ್ನು ಮತ್ತೆ ಒತ್ತಲು ಎರಡಕ್ಕೂ ಸೇರಿ ಇಪ್ಪತ್ತೈದು ನಿಮಿಷ ಹಿಡಿಯಿತು. ಬಿಚ್ಚಿದ ಒಂಬತ್ತು ನೆರಿಗೆಗಳು ಮಾತ್ರ ಯಾವ ಕೆಲಸಕ್ಕೂ ಬರಲಿಲ್ಲ, ಮಡಿಕೆಯ ಗೆರೆ ಬಟ್ಟೆಯಿಂದ ಹೋಗುವುದಿಲ್ಲ.

ಈ ಸಮಾನಾಂತರದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ದೊಡ್ಡ ಹುಡುಗಿಯರ ಸ್ಕರ್ಟಿಗೆ ನಾನು ಇದನ್ನು ಮಾಡುವುದಿಲ್ಲ. ಅವರಿಗೆ ಸೊಂಟಕ್ಕೂ ಕೆಳಗಿನ ಸುತ್ತಳತೆಗೂ ಅಂತರ ಹೆಚ್ಚಿರುವುದರಿಂದ ನೆರಿಗೆಯನ್ನು ಮೇಲೆ ಕಿರಿದು ಮಾಡಬೇಕಾಗುತ್ತದೆ, ಆಗ ತಲೆಯಲ್ಲಿ ಒಂದು ಇಂಚು ಕತ್ತರಿಸಿದರೂ ಸೊಂಟ ಅಗಲವಾಗುತ್ತದೆ. ಕಳೆದ ವರ್ಷ ಒಂದರಲ್ಲಿ ಒಂದೂವರೆ ಇಂಚು ಅಗಲವಾಗಿ, ಆ ಹುಡುಗಿ ಪಿನ್ನು ಹಾಕಿಕೊಂಡು ತಿರುಗಾಡಿದಳು. ಅವರದ್ದನ್ನು ಹಳೆಯ ಕ್ರಮದಲ್ಲಿಯೇ, ಒಂದೊಂದಾಗಿ, ಬಟ್ಟೆ ಮೊದಲೇ ಕೈಗೆ ಬಂದಿದ್ದರೆ ಮಾತ್ರ ಒಪ್ಪಿಕೊಳ್ಳುತ್ತೇನೆ.

ನಾಲ್ಕು ಗಂಟೆಯಿಂದ ಜಿಪ್ ಮತ್ತು ಪಟ್ಟಿ. ಇಬ್ಬರೂ ಎದುರುಬದುರು ಮೆಷಿನ್‌ಗಳಲ್ಲಿ ಕುಳಿತೆವು. ಅವಳು ಪಕ್ಕದ ಹೊಲಿಗೆ ಮತ್ತು ಜಿಪ್ ಹಾಕಿ ನನ್ನತ್ತ ತಳ್ಳಿದರೆ ನಾನು ಪಟ್ಟಿ ಕೂರಿಸಿ ಹುಡುಗನತ್ತ ತಳ್ಳುತ್ತಿದ್ದೆ, ಅವನು ಬಿಟ್ಟಿದ್ದ ಎರಡೆರಡು ಇಂಚು ಕೆಳಮಡಿಕೆಯನ್ನು ಕೈಯಲ್ಲಿ ಮುಗಿಸುತ್ತಿದ್ದ. ಒಂದಕ್ಕೆ ನಾಲ್ಕು, ನಾಲ್ಕೂವರೆ ನಿಮಿಷ. ಮೊದಲ ಐದಾರು ತಡವಾದವು, ಆಮೇಲೆ ಕೈಗೆ ಕೈ ಹೊಂದಿಕೊಂಡಿತು. ಎರಡು ಜಿಪ್ ಹಲ್ಲು ಬಿಟ್ಟಿದ್ದವು, ಬದಲಾಯಿಸಿದೆವು. ಆರೂಮುಕ್ಕಾಲಿಗೆ 33 ಹ್ಯಾಂಗರಿನ ಮೇಲಿದ್ದವು.

ಆಗ ಮಾಸ್ಟರು ಬಂದರು. ಎಷ್ಟಾಯಿತೆಂದು ಕೇಳಲು ಬಂದವರು ಕೇಳಲಿಲ್ಲ, ಹ್ಯಾಂಗರಿನ ಸಾಲನ್ನು ಬೆರಳಿಂದ ಸರಿಸುತ್ತ ಹೋದರು. ತಮ್ಮ ಜೇಬಿನಿಂದ ತಮ್ಮದೇ ಟೇಪು ತೆಗೆದು ನಾಲ್ಕೈದು ಸೊಂಟ ಅಳೆದರು, ನೆರಿಗೆಯ ಮುಖವನ್ನು ಮೇಲೆ ಒಮ್ಮೆ ಕೆಳಗೆ ಒಮ್ಮೆ ಅಳೆದರು. ಒಂದರ ಒಳಗೆ ಕೈಹಾಕಿ ಜೋಡನ್ನು ಹುಡುಕಿ, ಅದು ಒಳಮಡಿಕೆಯಲ್ಲಿರುವುದನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಎರಡನೆಯ ಸ್ಕರ್ಟು ಅವರ ಕೈಗೆ ಬಂದಾಗ ನಾನು ಮೆಷಿನ್ ನಿಲ್ಲಿಸಿದ್ದೆ. ಅವರಿಗೆ ಏನೂ ಕಾಣಲಿಲ್ಲ, ಅಥವಾ ಕಂಡದ್ದನ್ನು ಹೇಳಲಿಲ್ಲ. ಕೊನೆಯ ಮೂರು ಸ್ಕರ್ಟುಗಳ ಕೆಳಮಡಿಕೆಯನ್ನು ಹುಡುಗನ ಕೈಯಿಂದ ತೆಗೆದುಕೊಂಡು, ಕನ್ನಡಕವನ್ನು ಮೂಗಿನ ಮೇಲೆ ಸರಿಸಿಕೊಂಡು, ತಾವೇ ಮುಗಿಸಿಕೊಟ್ಟರು. ಮೊದಲ ತಾಯಿ ಬಾಗಿಲಿಗೆ ಬಂದದ್ದು ಏಳೂಕಾಲಿಗೆ.

ಹಣದ ಮಾತು ಹೇಳದಿದ್ದರೆ ಅಪೂರ್ಣವಾದೀತು. ಬಟ್ಟೆಯೂ ಹೊಲಿಗೆಯೂ ಸೇರಿ ಒಂದೇ ಮಾತಿಗೆ ಒಪ್ಪಿಕೊಂಡ ಕೆಲಸವಾದ್ದರಿಂದ ಉಳಿದ 12 ಮೀಟರ್ ನನ್ನದೇ. ನೆನಪಿನ ಲೆಕ್ಕದಲ್ಲಿ ಅದರ ಬೆಲೆ ಹದಿನೆಂಟು ಇಪ್ಪತ್ತು ಸ್ಕರ್ಟುಗಳ ಕೂಲಿಯಷ್ಟು. ಹುಡುಗನಿಗೆ ಆ ರಾತ್ರಿಯ ಕೂಲಿಯನ್ನು ಎರಡರಷ್ಟು ಕೊಟ್ಟೆ, ಮಂಕನ್ನು ಕಂಡುಹಿಡಿದದ್ದಕ್ಕೆ ಇನ್ನೊಂದಿಷ್ಟು. ಅದನ್ನೆಲ್ಲ ಕಳೆದರೂ ಹಿಂದಿನ ವರ್ಷ ಹೊರಗಿನವರಿಗೆ ಹೋದದ್ದು ಬಹುಮಟ್ಟಿಗೆ ತುಂಬಿ ಬಂತು. ಹೆಂಡತಿ ಹಿಂದಿನ ಹಾಳೆಯ ಲೆಕ್ಕವನ್ನು ಅಳಿಸಿಲ್ಲ, ಅದರ ಕೆಳಗೆ ಇದನ್ನು ಬರೆದಿದ್ದಾಳೆ.

ಎಂಟು ಗಂಟೆಗೆ ಹ್ಯಾಂಗರು ಖಾಲಿಯಾದ ಮೇಲೆ ಮಾಸ್ಟರು ಎದ್ದು ನಿಂತು, ಗೋಡೆಗೆ ಒರಗಿಸಿದ್ದ ರಟ್ಟಿನ ಹಣಿಗೆಯನ್ನು ತೋರಿಸಿ, "ಇಂಥದ್ದೇ ಇನ್ನೊಂದು ಕೊಯ್ದು ಕೊಡು, ನನ್ನಲ್ಲಿ ರಟ್ಟಿಲ್ಲ" ಎಂದರು. ಅದನ್ನೇ ತೆಗೆದುಕೊಂಡು ಹೋಗಿ ಎಂದು ಕೊಟ್ಟೆ. ಬಾಗಿಲ ಬಳಿ ಇಸ್ತ್ರಿ ಮೇಜಿನ ಪಕ್ಕ ಹಾಯುವಾಗ ನಿಂತು, ಬೋಗುಣಿಯಲ್ಲಿ ಉಳಿದಿದ್ದ ನೀರಿನತ್ತ ಬಗ್ಗಿ ಮೂಗರಳಿಸಿದರು.

"ಇದಕ್ಕೇನು ಹಾಕಿದ್ದೀಯೋ?"

"ಬರೀ ನೀರು, ಮಾಸ್ಟ್ರೇ" ಎಂದೆ.